ಕರೆಯೋಲೆ ಬರೆಯುವ ಕ್ರಮ

ಕಳೆದ ರಾಜ್ಯೋತ್ಸವದ ದಿನ ಸಂಜೆ ನಾಲ್ಕಕ್ಕೆ ಸರಿಯಾಗಿ ಹಿರಿಯ ದಂಪತಿ ಸಭಾಂಗಣದ ಬಾಗಿಲಿಗೆ ಬಂದರು. ಮಗಳ ಬಾಣಂತನಕ್ಕೆಂದು ತುಮಕೂರಿನಿಂದ ಬಂದಿದ್ದವರು. ಅಷ್ಟು ಹೊತ್ತಿಗೆ ನಾಡಗೀತೆಯೂ ಮಕ್ಕಳ ಕುಣಿತವೂ ಮುಗಿದು, ಊಟದ ಮೇಜುಗಳನ್ನು ಒರೆಸುತ್ತಿದ್ದೆವು. "ಎರಡು ಗಂಟೆಗೇ ಶುರುವಾಯಿತಲ್ಲ" ಎಂದಾಗ ಆ ಹಿರಿಯರು ಫೋನ್ ತೆಗೆದು ನಮ್ಮದೇ ಕರೆಯೋಲೆ ತೋರಿಸಿದರು. "ಇಲ್ಲಿ ನಾಲ್ಕು ಅಂತ ಇದೆಯಲ್ಲಪ್ಪಾ."

ಇತ್ತು. ಸಭಾಂಗಣವನ್ನು ಬೇಗ ಬಿಟ್ಟುಕೊಡಬೇಕಾಗಿ ಬಂದದ್ದರಿಂದ ಹತ್ತು ದಿನ ಮೊದಲೇ ಹೊತ್ತನ್ನು ನಾಲ್ಕರಿಂದ ಎರಡಕ್ಕೆ ತಂದಿದ್ದೆವು. ತಿದ್ದಿದವನು ನಾನೇ. ಇಂಗ್ಲಿಷ್ ಭಾಗದಲ್ಲಿ ತಿದ್ದಿದೆ, ಕನ್ನಡ ಭಾಗ ಹಾಗೇ ಉಳಿಯಿತು. ಆ ಹತ್ತು ದಿನಗಳಲ್ಲಿ ಸಮಿತಿಯವರೆಲ್ಲರೂ ಕರೆಯೋಲೆಯನ್ನು ನೋಡಿದ್ದರು, ಹತ್ತಾರು ಮನೆಗಳಿಗೆ ಕಳಿಸಿದ್ದರು. ಕನ್ನಡದ ಸಾಲುಗಳನ್ನು ನಮ್ಮಲ್ಲಿ ಒಬ್ಬರೂ ಓದಿರಲಿಲ್ಲ. ಓದಿದವರು ಆ ಇಬ್ಬರು. ನಮ್ಮ ಕನ್ನಡವನ್ನು ನಂಬಿದವರೇ ಹಬ್ಬ ತಪ್ಪಿಸಿಕೊಂಡರು.

ನಮ್ಮ ಕನ್ನಡ ಸಂಘ ಇರುವುದು ವೇಲ್ಸ್‌ನಲ್ಲಿ. ಇಲ್ಲಿಗೆ ಬಂದವರಿಗೆ ಮೊದಲು ಕಾಣುವುದೇ ದಾರಿಯ ಮೇಲೆ ಎರಡು ಭಾಷೆಯಲ್ಲಿ ಬರೆದ 'ನಿಧಾನ'. ಇಲ್ಲಿನ ಸ್ಥಳೀಯ ಆಡಳಿತಗಳು ಹಾಕುವ ಹೊಸ ಫಲಕಗಳಲ್ಲಿ ವೆಲ್ಷ್ ಮೊದಲು ಕಣ್ಣಿಗೆ ಬೀಳುವಂತಿರಬೇಕು ಎಂಬ ನಿಯಮವೇ ಇದೆ. ಆದರೆ ಇದೇ ನಾಡಿನ ಸ್ವಾನ್ಸೀಯಲ್ಲಿ 2008ರಲ್ಲಿ ನಡೆದದ್ದನ್ನು ಜನ ಇನ್ನೂ ಹೇಳುತ್ತಾರೆ. ಭಾರೀ ಲಾರಿಗಳಿಗೆ ಪ್ರವೇಶವಿಲ್ಲ ಎಂಬ ಫಲಕಕ್ಕಾಗಿ ನಗರಾಡಳಿತದವರು ಇಂಗ್ಲಿಷ್ ಸಾಲನ್ನು ಅನುವಾದಕರಿಗೆ ಇಮೇಲ್ ಮಾಡಿದರು. ಕೂಡಲೇ ವೆಲ್ಷ್‌ನಲ್ಲಿ ಉತ್ತರ ಬಂತು. ಅದನ್ನೇ ಫಲಕಕ್ಕೆ ಬರೆಸಿ ರಸ್ತೆ ಬದಿಯಲ್ಲಿ ನೆಟ್ಟರು. ಆ ಉತ್ತರದ ಅರ್ಥ ಇಷ್ಟೇ: ನಾನು ಸದ್ಯ ಕಚೇರಿಯಲ್ಲಿಲ್ಲ, ಅನುವಾದದ ಕೆಲಸವಿದ್ದರೆ ಕಳಿಸಿ. ಕಚೇರಿಯಲ್ಲಿಲ್ಲದವರ ಅಂಚೆಪೆಟ್ಟಿಗೆ ತಾನಾಗಿ ಕಳಿಸಿದ ಉತ್ತರವದು. ಫಲಕದಲ್ಲಿ ವೆಲ್ಷ್‌ಗೆ ಜಾಗ ಸಿಕ್ಕಿತ್ತು, ಅಕ್ಷರವೂ ದೊಡ್ಡದಾಗಿತ್ತು. ನೆಡುವವರೆಗಿನ ಹಾದಿಯಲ್ಲಿ ಅದನ್ನು ಓದುವವರು ಇರಲಿಲ್ಲ.

ನಮ್ಮ ತಪ್ಪಿನ ಬೇರೂ ಅಲ್ಲೇ ಇತ್ತು. ನಮ್ಮ ರೂಢಿ ಹೀಗಿತ್ತು: ಕಾರ್ಯದರ್ಶಿಗಳು ಇಂಗ್ಲಿಷ್‌ನಲ್ಲಿ ಪೂರ್ತಿ ಬರೆಯುವುದು, ಸಮಿತಿ ಅದನ್ನು ಚರ್ಚಿಸುವುದು, ಎಲ್ಲ ಒಪ್ಪಿಗೆಯಾದ ಮೇಲೆ ರಾತ್ರಿ ಹತ್ತಕ್ಕೆ ಯಾರಾದರೊಬ್ಬರಿಗೆ "ಇದನ್ನು ಕನ್ನಡ ಮಾಡಿಕೊಡಿ" ಎಂದು ಕಳಿಸುವುದು. ಹಾಗೆ ಬಂದ ಕನ್ನಡದ ಸಾಲು ಹೀಗಿತ್ತು: "ಕಾರ್ಯಕ್ರಮದ ನೋಂದಣಿಯು ಈಗ ತೆರೆದಿರುತ್ತದೆ. ಆಸನಗಳು ಸೀಮಿತವಾಗಿರುವುದರಿಂದ ತಮ್ಮ ನೋಂದಣಿಯನ್ನು ಖಚಿತಪಡಿಸಿಕೊಳ್ಳತಕ್ಕದ್ದು." ಮನೆಗೆ ಬಂದು ಕರೆಯುವಾಗ ಯಾರೂ ಹೀಗೆ ಮಾತಾಡುವುದಿಲ್ಲ. ಬರೆದವರನ್ನು ದೂರುವಂತಿಲ್ಲ, ಅವರ ಮುಂದೆ ಇಂಗ್ಲಿಷ್ ವಾಕ್ಯ ಬಿಟ್ಟರೆ ಬೇರೇನೂ ಇರಲಿಲ್ಲ.

ಯುಗಾದಿಯಿಂದ ಕ್ರಮ ಬದಲಿಸಿದ್ದೇವೆ. ಮೊದಲು ಬರೆಯುವುದು ಕರೆಯೋಲೆಯನ್ನಲ್ಲ, ಒಂದು ಪಟ್ಟಿಯನ್ನು. ವಾರ ಮತ್ತು ತಾರೀಖು, ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ವಿಳಾಸ, ಗಾಡಿ ನಿಲ್ಲಿಸುವ ಜಾಗ, ಕೊಡಬೇಕಾದ ಹಣ, ಊಟ, ಹೆಸರು ಕೊಡಲು ಕಡೆಯ ದಿನ, ಯಾರನ್ನು ಕೇಳಬೇಕು. ವಾಕ್ಯಗಳಿಲ್ಲ, ಬರೀ ಸಂಗತಿ. ಸಮಿತಿ ಚರ್ಚಿಸುವುದು ಈ ಪಟ್ಟಿಯನ್ನು. ಆಮೇಲೆ ಇಬ್ಬರು ಬೇರೆ ಬೇರೆ ಕೂತು ಬರೆಯುತ್ತಾರೆ, ಒಬ್ಬರು ಕನ್ನಡದಲ್ಲಿ, ಒಬ್ಬರು ಇಂಗ್ಲಿಷ್‌ನಲ್ಲಿ. ಇನ್ನೊಬ್ಬರದನ್ನು ನೋಡುವಂತಿಲ್ಲ. ಅದೇ ನೋಂದಣಿಯ ಸಂಗತಿ ಈ ಸಲ ಕನ್ನಡದಲ್ಲಿ ಹೀಗೆ ಬಂತು: "ಎಷ್ಟು ಎಲೆ ಹಾಕಬೇಕೆಂದು ಅಡುಗೆಯವರಿಗೆ ಹೇಳಬೇಕು. ನಿಮ್ಮ ಮನೆಯಿಂದ ಎಷ್ಟು ಜನ ಬರುತ್ತೀರಿ, ಹತ್ತು ದಿನ ಮೊದಲೇ ತಿಳಿಸಿ." ಇಂಗ್ಲಿಷ್‌ನಲ್ಲಿ ಎಲೆಯ ಮಾತಿಲ್ಲ, ಕಡೆಯ ತಾರೀಖೂ ಫೋನ್ ಸಂಖ್ಯೆಯೂ ಇವೆ. ಕನ್ನಡದವರು ತಾರೀಖನ್ನೇ ಹಾಕಿರಲಿಲ್ಲ. ಪಕ್ಕಪಕ್ಕ ಇಟ್ಟು ಓದಿದಾಗ ಅದು ಸಿಕ್ಕಿತು, ಸೇರಿಸಿದೆವು.

ಹಾಗೆ ಓದುವುದಕ್ಕೂ ಒಂದು ರೀತಿ ಇದೆ. ಒಂದು ಭಾಗವನ್ನು ಕಾಗದದಿಂದ ಮುಚ್ಚಿ, ಬರಿಯ ಇನ್ನೊಂದನ್ನು ಸಮಿತಿಯ ಹೊರಗಿನ ಒಬ್ಬರ ಕೈಗೆ ಕೊಡುತ್ತೇವೆ. ಎಷ್ಟು ಹೊತ್ತಿಗೆ ಮನೆ ಬಿಡುತ್ತೀರಿ, ಗಾಡಿ ಎಲ್ಲಿ ನಿಲ್ಲಿಸುತ್ತೀರಿ, ಊಟ ಮಾಡಿಕೊಂಡು ಬರಬೇಕೋ ಬೇಡವೋ ಎಂದು ಕೇಳುತ್ತೇವೆ. ಉತ್ತರಕ್ಕಾಗಿ ಅವರು ಕಾಗದ ಸರಿಸಲು ಹೋದರೆ ಆ ಭಾಗ ಇನ್ನೂ ಮುಗಿದಿಲ್ಲ.

ಇಂಗ್ಲಿಷ್ ಭಾಗಕ್ಕೆ ನಾವು ಮಾಡುತ್ತಿದ್ದ ಅನ್ಯಾಯ ಗೊತ್ತಾದದ್ದು ಈ ಪರೀಕ್ಷೆಯಲ್ಲೇ. ಅದನ್ನು ಓದುವವರು ಇಲ್ಲೇ ಹುಟ್ಟಿದ ಮಕ್ಕಳು, ಕನ್ನಡ ಮನೆಗೆ ಸೇರಿದ ವೆಲ್ಷ್ ಸೊಸೆಯಂದಿರು, ಪಕ್ಕದ ಮನೆಯವರು. ಅವರಿಗೆ ನಾವು 'ಮಂಗಳಾರತಿಯ ನಂತರ ಪ್ರಸಾದ' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಸುಮ್ಮನಾಗುತ್ತಿದ್ದೆವು. ಒಬ್ಬ ಸೊಸೆ ಕೇಳಿದಳು: ಪ್ರಸಾದ ಎಂದರೆ ಒಂದು ಚಮಚವೋ, ಪೂರ್ತಿ ಊಟವೋ? ಮಗುವಿಗೆ ಮನೆಯಲ್ಲೇ ತಿನ್ನಿಸಿ ತರಬೇಕೋ? ಕನ್ನಡಿಗರು ಕೇಳದೆಯೇ ತಿಳಿಯುವುದನ್ನು ಇಂಗ್ಲಿಷ್ ಬಿಡಿಸಿ ಹೇಳಬೇಕು: ಚಪ್ಪಲಿ ಹೊರಗೆ ಬಿಡಬೇಕು, ಪೂಜೆ ಸುಮಾರು ಅರ್ಧ ಗಂಟೆ, ಆಮೇಲೆ ಸಸ್ಯಾಹಾರದ ಪೂರ್ತಿ ಊಟ. ಎರಡು ಭಾಗಗಳ ಉದ್ದ ಹಾಗಾಗಿ ಒಂದೇ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಚಿತ್ರಾನ್ನದಲ್ಲಿ ಕಡಲೆಬೀಜವಿದೆ, ಒಗ್ಗರಣೆಯ ಇಂಗಿನಲ್ಲಿ ಗೋಧಿ ಹಿಟ್ಟು ಇರಬಹುದು ಎಂಬುದು ಎರಡರಲ್ಲೂ ಇರಲೇಬೇಕು. ಅಲರ್ಜಿ ಇರುವ ಮೊಮ್ಮಗುವನ್ನು ಕರೆತರುವ ಅಜ್ಜಿ ಓದುವುದು ಕನ್ನಡವನ್ನೇ.

ಕಣ್ಣಿಗೆ ಕಾಣುವ ಬಗೆಯ ಕುರಿತೂ ಒಂದು ಮಾತು. ಕನ್ನಡಕ್ಕೆ ತಲೆಯ ಮೇಲೆ ಗುಣಿಸು, ಕಾಲ ಕೆಳಗೆ ಒತ್ತಕ್ಷರ. ಇಂಗ್ಲಿಷ್‌ಗೆ ಸಾಕಾಗುವ ಸಾಲಿನ ಅಂತರವನ್ನೇ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿಸಿಗೆ ತಾಗುತ್ತದೆ, ಕನ್ನಡದ ಭಾಗ ಇಕ್ಕಟ್ಟಿನಲ್ಲಿ ತುರುಕಿದಂತೆ ಕಾಣುತ್ತದೆ. ಅಕ್ಷರದ ಅಳತೆಯ ಒಂದೂವರೆಯಷ್ಟು ಅಂತರ ಬಿಟ್ಟರೆ ಸರಿಹೋಗುತ್ತದೆ. ಭಿತ್ತಿಪತ್ರ ಮಾಡುವ ಕೆಲವು ತಂತ್ರಾಂಶಗಳು ಭಾರತೀಯ ಲಿಪಿಗೆಂದು ಹೊಂದಿಸದಿದ್ದರೆ ಒತ್ತಕ್ಷರವನ್ನು ಒಡೆದು ಸಾಲಾಗಿ ಜೋಡಿಸಿಬಿಡುತ್ತವೆ. ಕನ್ನಡ ಬಾರದ ಚಿತ್ರಗಾರರಿಗೂ ತಿಳಿಯುವ ಪರೀಕ್ಷೆ 'ಕಾರ್ಯಕ್ರಮ' ಎಂಬ ಪದ. ಅರ್ಕಾವತ್ತೂ ರ ಒತ್ತೂ ಅದರಲ್ಲೇ ಇವೆ, ನಮ್ಮ ಯಾವ ಕರೆಯೋಲೆಯಲ್ಲೂ ಆ ಪದ ತಪ್ಪುವುದಿಲ್ಲ. ಸರಿಯಾಗಿ ಕೂತ 'ಕಾರ್ಯಕ್ರಮ'ವನ್ನು ಅವರಿಗೆ ಮೊದಲೇ ಕಳಿಸಿ, ಹೋಲಿಸಿ ನೋಡಿ ಎನ್ನುತ್ತೇವೆ.

ವಾಟ್ಸಾಪ್ ಉದ್ದದ ಸಂದೇಶವನ್ನು ನಡುವೆ ಕತ್ತರಿಸಿ ಉಳಿದದ್ದನ್ನು ಮಡಚಿಡುತ್ತದೆ. ಎರಡನೆಯದಾಗಿ ಬಂದ ಭಾಷೆ, ಯಾವುದೇ ಇರಲಿ, ಮಡಿಕೆಯೊಳಗೆ ಹೋಗುತ್ತದೆ. ಅದಕ್ಕೇ ಈಗ ಎರಡು ಸಂದೇಶ ಕಳಿಸುತ್ತೇವೆ, ಒಂದರ ಬೆನ್ನಿಗೆ ಒಂದು. ಎರಡರ ಮೊದಲ ಸಾಲಿನಲ್ಲೂ ವಾರ, ತಾರೀಖು, ಹೊತ್ತು ಇರುತ್ತವೆ.

ದೀಪಾವಳಿಯ ಕರೆಯೋಲೆ ಈ ಸಂಚಿಕೆಯ ಹಿಂಬದಿಯ ರಕ್ಷಾಪುಟದಲ್ಲಿದೆ. ಅದರ ಪಟ್ಟಿ ಸಂಘದ ಗ್ರಂಥಪಾಲಕಿಯವರ ಬಳಿ ಇದೆ. ಹೊತ್ತು ಬದಲಾದರೆ ಮೊದಲು ತಿದ್ದುವುದು ಆ ಪಟ್ಟಿಯನ್ನು, ಆಮೇಲೆ ಬರೆದ ಇಬ್ಬರಿಗೂ ಫೋನ್. ಇಬ್ಬರೂ "ತಿದ್ದಿದೆ" ಎನ್ನುವವರೆಗೆ ಹೊಸ ಸಂದೇಶ ಹೊರಡುವುದಿಲ್ಲ. ತುಮಕೂರಿನ ಹಿರಿಯರು ಮೊಮ್ಮಗಳ ಹುಟ್ಟುಹಬ್ಬಕ್ಕೆ ಮತ್ತೆ ಬಂದಿದ್ದಾರೆ. ಈ ಸಲ ಕಾಗದ ಮುಚ್ಚಿ ಕನ್ನಡದ ಭಾಗವನ್ನು ಓದಿಸಿದ್ದು ಅವರಿಂದಲೇ.