ರೂಪಾಯಿ ಇಳಿಯಲಿ, ಧೊಪ್ಪೆಂದು ಬೀಳದಿರಲಿ

ರೂಪಾಯಿ ಕುಸಿದ ಸುದ್ದಿ ಬಂದಾಗಲೆಲ್ಲ ನಮ್ಮ ಹಾಸ್ಟೆಲ್‌ನಲ್ಲಿ ಏಳುವುದು ಒಂದೇ ಪ್ರಶ್ನೆ: ‘ರಿಸರ್ವ್ ಬ್ಯಾಂಕ್ ಬಳಿ ಅಷ್ಟೊಂದು ಡಾಲರ್ ಇದೆಯಲ್ಲ, ಒಂದಿಷ್ಟು ಮಾರಿ ಹಳೆಯ ದರದಲ್ಲೇ ನಿಲ್ಲಿಸಬಾರದೇ?’ ನಾನೂ ಹೀಗೆ ಕೇಳುತ್ತಿದ್ದವನೇ. 2022ರಲ್ಲಿ ನಡೆದದ್ದನ್ನು ಕೂತು ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಆ ಡಾಲರ್ ಇರುವುದು ದರವನ್ನು ಒಂದೇ ಕಡೆ ಹಿಡಿದಿಡಲಿಕ್ಕಲ್ಲ, ಅದು ಬೀಳುವ ವೇಗವನ್ನು ತಗ್ಗಿಸಲಿಕ್ಕೆ.

2022ರ ಆರಂಭದಲ್ಲಿ ಒಂದು ಡಾಲರ್‌ಗೆ ಸುಮಾರು 74.50 ರೂಪಾಯಿ ಇತ್ತು. ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾ ತೈಲದ ಬೆಲೆ ಏರಿತು. ತೈಲ ಕಂಪನಿಗಳಿಗೆ ಹೆಚ್ಚು ಡಾಲರ್ ಬೇಕಾಯಿತು. ಮಾರ್ಚ್‌ನಿಂದ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿದರ ಏರಿಸತೊಡಗಿದಾಗ, ವಿದೇಶಿ ಹೂಡಿಕೆದಾರರು ನಮ್ಮ ಷೇರುಗಳನ್ನು ಮಾರಿ ಡಾಲರ್ ಒಯ್ಯತೊಡಗಿದರು. ಕೊಳ್ಳುವವರು ಹೆಚ್ಚು, ಮಾರುವವರು ಕಡಿಮೆ. ಸೆಪ್ಟೆಂಬರ್ 22ರಂದು ಒಂದೇ ದಿನ ರೂಪಾಯಿ ಸುಮಾರು 90 ಪೈಸೆ ಕುಸಿಯಿತು. ಅಕ್ಟೋಬರ್‌ನಲ್ಲಿ ಮೊದಲ ಬಾರಿ 83 ದಾಟಿತು.

ಇಂಥ ದಿನಗಳಲ್ಲಿ ದೊಡ್ಡ ಅಪಾಯ ಭಯದ್ದು. ನಾಳೆ ಡಾಲರ್ ಇನ್ನೂ ತುಟ್ಟಿ ಎಂದು ಗೊತ್ತಾದರೆ, ಮುಂದಿನ ತಿಂಗಳು ಡಾಲರ್ ಬೇಕಿರುವ ಆಮದುದಾರ ಇವತ್ತೇ ಕೊಳ್ಳುತ್ತಾನೆ. ಕೈಯಲ್ಲಿ ಡಾಲರ್ ಇರುವ ರಫ್ತುದಾರ ಇನ್ನೆರಡು ವಾರ ಕಾಯೋಣ ಎಂದು ಸುಮ್ಮನಾಗುತ್ತಾನೆ. ಇಬ್ಬರ ಲೆಕ್ಕವೂ ಸರಿಯೇ. ಆದರೆ ಎಲ್ಲರೂ ಹಾಗೇ ಮಾಡಿದಾಗ ನಿಜವಾದ ಕಾರಣಕ್ಕಿಂತ ಕುಸಿತವೇ ದೊಡ್ಡದಾಗುತ್ತದೆ. ರಿಸರ್ವ್ ಬ್ಯಾಂಕ್ ಮಾರುಕಟ್ಟೆಗೆ ಇಳಿಯುವುದು ಈ ಸರಪಳಿಯನ್ನು ಮುರಿಯಲು. ಅದು ಸಾಮಾನ್ಯವಾಗಿ ಸಾರ್ವಜನಿಕ ವಲಯದ ಬ್ಯಾಂಕುಗಳ ಮೂಲಕ ಡಾಲರ್ ಮಾರುತ್ತದೆ. ಎಷ್ಟು, ಯಾವ ದರಕ್ಕೆ ಎಂದು ಮುಂಚೆ ಹೇಳುವುದಿಲ್ಲ. ಹೇಳಿದರೆ ಆ ದರದವರೆಗೂ ರೂಪಾಯಿಯನ್ನು ತಳ್ಳಿ ನೋಡುವವರಿಗೆ ದಾರಿ ತೋರಿಸಿದಂತೆ.

ಎಂಜಿನಿಯರಿಂಗ್ ಓದುವವರಿಗೆ ಇದು ಬೇಗ ಅರ್ಥವಾಗಬೇಕು. ಬೈಕಿನ ಹಿಂಬದಿಯಲ್ಲಿ ಸ್ಪ್ರಿಂಗ್ ಇದೆ, ಅದರೊಳಗೆ ಡ್ಯಾಂಪರ್ ಇದೆ. ಸ್ಪ್ರಿಂಗ್ ಚಕ್ರವನ್ನು ಮೊದಲಿದ್ದ ಜಾಗಕ್ಕೇ ಎಳೆಯುತ್ತದೆ. ಡ್ಯಾಂಪರ್‌ಗೆ ಜಾಗದ ಚಿಂತೆಯಿಲ್ಲ, ಅದು ತಡೆಯುವುದು ವೇಗವನ್ನು. ನಿಧಾನವಾಗಿ ಒತ್ತಿದರೆ ಬಿಟ್ಟುಕೊಡುತ್ತದೆ, ಹೊಡೆತ ಬಿದ್ದರೆ ಮಾತ್ರ ಎದುರು ನಿಲ್ಲುತ್ತದೆ. ವಿದೇಶಿ ವಿನಿಮಯ ಸಂಗ್ರಹದಿಂದ ಡ್ಯಾಂಪರ್ ಕೆಲಸ ಮಾಡಿಸಬಹುದು. ಸ್ಪ್ರಿಂಗ್ ಕೆಲಸಕ್ಕೆ ಹಚ್ಚಿದರೆ ಅದು ಖಾಲಿಯಾಗುತ್ತದೆ.

ವೇಗ ತಗ್ಗಿದರೆ ಯಾರಿಗೆ ಲಾಭ? ಅಮೆರಿಕದಲ್ಲಿ ಎಂಎಸ್ ಮಾಡಲು ಹೊರಟ ಒಬ್ಬ ವಿದ್ಯಾರ್ಥಿಗೆ 50,000 ಡಾಲರ್ ಬೇಕು ಎಂದುಕೊಳ್ಳಿ. 74.50ರ ದರದಲ್ಲಿ ಅದು 37.25 ಲಕ್ಷ ರೂಪಾಯಿ, 83ರಲ್ಲಿ 41.50 ಲಕ್ಷ. ವ್ಯತ್ಯಾಸ 4.25 ಲಕ್ಷ. ಸಾಲ ಮಂಜೂರಾಗಿದ್ದು ರೂಪಾಯಿಯಲ್ಲಿ, ಶುಲ್ಕ ಕಟ್ಟಬೇಕಾದದ್ದು ಡಾಲರ್‌ನಲ್ಲಿ. ಇದು ಹತ್ತು ತಿಂಗಳಲ್ಲಿ ಆದರೆ ಮನೆಯವರು ಇನ್ನೊಂದು ಸಾಲಕ್ಕೋ ಸ್ಕಾಲರ್‌ಶಿಪ್‌ಗೋ ಓಡಾಡಬಹುದು. ಹತ್ತೇ ದಿನದಲ್ಲಿ ಆದರೆ ಸೀಟೇ ಕೈತಪ್ಪುತ್ತದೆ. ರಿಸರ್ವ್ ಬ್ಯಾಂಕ್ ಡಾಲರ್ ಮಾರಿ ಕೊಂಡುಕೊಡುವುದು ಈ ಸಮಯವನ್ನೇ.

ಇದಕ್ಕೆ ಬೆಲೆಯೂ ಇದೆ. ಡಾಲರ್‌ಗೆ 80 ರೂಪಾಯಿಯಂತೆ 100 ಕೋಟಿ ಡಾಲರ್ ಮಾರಿದರೆ, 8,000 ಕೋಟಿ ರೂಪಾಯಿ ಬ್ಯಾಂಕುಗಳಿಂದ ರಿಸರ್ವ್ ಬ್ಯಾಂಕಿನೊಳಕ್ಕೆ ಹೋಗುತ್ತದೆ. ಅಷ್ಟು ಹಣ ಚಲಾವಣೆಯಿಂದ ಹೊರಬಿದ್ದಂತೆ. ದಿನವೂ ಹೀಗಾದರೆ ಬ್ಯಾಂಕುಗಳಿಗೆ ನಗದು ಬಿಗಿಯಾಗಿ ಬಡ್ಡಿ ಏರುತ್ತದೆ. ಅದನ್ನು ತಪ್ಪಿಸಲು ರಿಸರ್ವ್ ಬ್ಯಾಂಕ್ ಸರ್ಕಾರಿ ಬಾಂಡ್‌ಗಳನ್ನು ಕೊಂಡು ರೂಪಾಯಿಯನ್ನು ಮತ್ತೆ ಹೊರಗೆ ಬಿಡಬಹುದು. ಒಂದು ಕೈಯಲ್ಲಿ ಡಾಲರ್ ಕೊಟ್ಟು, ಇನ್ನೊಂದು ಕೈಯಲ್ಲಿ ರೂಪಾಯಿ ಹಿಂತಿರುಗಿಸುವ ಕೆಲಸ ಇದು.

ಸಂಗ್ರಹದ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. 2021ರ ಸೆಪ್ಟೆಂಬರ್‌ನಲ್ಲಿ ಸುಮಾರು 642 ಶತಕೋಟಿ ಡಾಲರ್ ಇದ್ದದ್ದು 2022ರ ಅಕ್ಟೋಬರ್‌ನಲ್ಲಿ ಸುಮಾರು 524 ಶತಕೋಟಿಗೆ ಇಳಿಯಿತು. ಅಷ್ಟನ್ನೂ ಮಾರಿಬಿಟ್ಟರು ಎಂದು ಹಲವರು ತಿಳಿದರು. ಆದರೆ ಸಂಗ್ರಹದಲ್ಲಿ ಯೂರೋದಂಥ ಕರೆನ್ಸಿಗಳೂ ಚಿನ್ನವೂ ಬಾಂಡ್‌ಗಳೂ ಇರುತ್ತವೆ. ಎಲ್ಲವನ್ನೂ ಡಾಲರ್‌ನಲ್ಲಿ ಲೆಕ್ಕ ಹಾಕುತ್ತಾರೆ. ಆ ವರ್ಷದ ಆರಂಭದಲ್ಲಿ 100 ಯೂರೋಗೆ ಸುಮಾರು 113 ಡಾಲರ್ ಸಿಗುತ್ತಿತ್ತು, ಸೆಪ್ಟೆಂಬರ್ ಕೊನೆಗೆ 96ರ ಸುಮಾರು. ಒಂದು ಯೂರೋವನ್ನೂ ಮಾರದೆ 17 ಡಾಲರ್ ‘ಕರಗಿತು’. ಆ ಹಣಕಾಸು ವರ್ಷದಲ್ಲಿ ಅಲ್ಲಿಯವರೆಗಿನ ಇಳಿಕೆಯ ಸುಮಾರು ಶೇ 67ರಷ್ಟು ಇಂಥ ಮೌಲ್ಯ ಬದಲಾವಣೆಯಿಂದ ಆದದ್ದು ಎಂದು ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಸೆಪ್ಟೆಂಬರ್ ಕೊನೆಯಲ್ಲಿ ಹೇಳಿದ್ದರು. ನಿಜಕ್ಕೂ ಎಷ್ಟು ಮಾರಿದರು ಎಂಬುದು ತಿಳಿಯಬೇಕಾದರೆ ಶುಕ್ರವಾರದ ಸಂಗ್ರಹದ ಅಂಕಿ ಸಾಲದು, ರಿಸರ್ವ್ ಬ್ಯಾಂಕಿನ ಮಾಸಿಕ ಬುಲೆಟಿನ್‌ನಲ್ಲಿ ಬರುವ ಖರೀದಿ–ಮಾರಾಟದ ಪಟ್ಟಿ ನೋಡಬೇಕು.

ಒಂದೇ ದರಕ್ಕೆ ಅಂಟಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅದೇ ವರ್ಷದ ಶ್ರೀಲಂಕಾ ಸಾಕ್ಷಿ. ಅಲ್ಲಿನ ಕೇಂದ್ರ ಬ್ಯಾಂಕ್ ಡಾಲರ್‌ಗೆ ಸುಮಾರು 200 ರೂಪಾಯಿಯ ದರವನ್ನು ತಿಂಗಳುಗಟ್ಟಲೆ ಹಿಡಿದಿಟ್ಟಿತು. ಹೊರದೇಶದಲ್ಲಿ ದುಡಿಯುವವರು ಹೆಚ್ಚು ರೂಪಾಯಿ ಸಿಗುವ ಅನಧಿಕೃತ ದಾರಿಗಳಲ್ಲಿ ಹಣ ಕಳಿಸತೊಡಗಿದರು, ಬ್ಯಾಂಕಿಗೆ ಬರುವ ಡಾಲರ್ ಬತ್ತಿತು. ಮಾರ್ಚ್‌ನಲ್ಲಿ ಹಿಡಿತ ಬಿಟ್ಟಾಗ ದರ ಎರಡೇ ತಿಂಗಳಲ್ಲಿ 360ರ ಆಚೆ ಹೋಯಿತು. ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲು ಆಗದು ಎಂದು ಸರ್ಕಾರವೇ ಘೋಷಿಸಬೇಕಾಯಿತು.

ಹಾಗೆಂದು ನಮ್ಮ ರಿಸರ್ವ್ ಬ್ಯಾಂಕ್ ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. 2022ರಲ್ಲಿ ಡ್ಯಾಂಪರ್ ಆಗಿದ್ದದ್ದು 2023ರಲ್ಲಿ ಸ್ಪ್ರಿಂಗ್‌ನಂತೆ ವರ್ತಿಸಿತು ಎಂಬುದು ನನ್ನ ಅನಿಸಿಕೆ. ಆ ವರ್ಷದ ಬಹುಪಾಲು ರೂಪಾಯಿ 82–83ರ ಆಸುಪಾಸಿನಿಂದ ಕದಲಲೇ ಇಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯು ನಮ್ಮ ವಿನಿಮಯ ಪದ್ಧತಿಯನ್ನು ‘ತೇಲುವ’ ಪಟ್ಟಿಯಿಂದ ತೆಗೆದು ‘ಸ್ಥಿರಗೊಳಿಸಿದ’ ಪಟ್ಟಿಗೆ ಸೇರಿಸಿತು. ರಿಸರ್ವ್ ಬ್ಯಾಂಕ್ ಅದನ್ನು ಒಪ್ಪಲಿಲ್ಲ. ಆದರೆ ದರ ಅಲುಗಾಡುವುದೇ ಇಲ್ಲ ಎಂದಾದರೆ, ಡಾಲರ್‌ನಲ್ಲಿ ಸಾಲ ಮಾಡಿದ ಕಂಪನಿ ರಕ್ಷಣೆಗೆಂದು ಫಾರ್ವರ್ಡ್ ಒಪ್ಪಂದಕ್ಕೆ ಯಾಕೆ ಹಣ ಖರ್ಚು ಮಾಡೀತು? 2024ರ ಅಕ್ಟೋಬರ್‌ನಲ್ಲಿ 84 ದಾಟಿದ ಡಾಲರ್, 2025ರ ಫೆಬ್ರುವರಿಯಲ್ಲಿ 88ರ ಹತ್ತಿರ ಹೋಯಿತು. ಇಂಥ ತಿಂಗಳುಗಳಲ್ಲಿ ಪೆಟ್ಟು ತಿನ್ನುವುದು ರಕ್ಷಣೆ ಇಲ್ಲದೆ ಕೂತವರೇ.

ಆದ್ದರಿಂದ ಶಾಂತವಾದ ದಿನಗಳಲ್ಲಿ ರೂಪಾಯಿ ಐದು ಹತ್ತು ಪೈಸೆ ಅತ್ತಿತ್ತ ಓಡಾಡಲು ಬಿಡಬೇಕು. ಡಾಲರ್ ಧಾರಾಳವಾಗಿ ಬರುವಾಗ ಕೊಂಡು ಕೂಡಿಡಬೇಕು, 90 ಪೈಸೆ ಕುಸಿಯುವ ದಿನಕ್ಕೆ ಅದನ್ನು ಉಳಿಸಿಕೊಳ್ಳಬೇಕು. ಹಾಸ್ಟೆಲ್‌ನಲ್ಲಿ ನಾವು ಕೇಳುವ ಪ್ರಶ್ನೆಯೂ ಬದಲಾಗಲಿ. ರೂಪಾಯಿ ಎಷ್ಟಕ್ಕೆ ಇಳಿಯಿತು ಎನ್ನುವುದರ ಜೊತೆಗೆ, ಎಷ್ಟು ದಿನದಲ್ಲಿ ಇಳಿಯಿತು ಎಂದೂ ಕೇಳೋಣ.