ಫೈಲ್ ಹೆಸರು ನೋಡಿ ಟಿಕ್ ಹಾಕಿದರೆ ಸಾಕೇ?

ಅಬ್ಬಾ ಅವರ ನೋಟ್‌ಬುಕ್ ಅಂಗಡಿಗಾಗಿ ನಾನು ಪೈಥಾನ್‌ನಲ್ಲಿ ಸಣ್ಣದೊಂದು ಬಿಲ್ ಪ್ರೋಗ್ರಾಂ ಬರೆದಿದ್ದೇನೆ. 500 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಖರೀದಿಗೆ 10% ರಿಯಾಯಿತಿ. ಸರಿಯಾಗಿ 500 ರೂಪಾಯಿ ಆದ ಗಿರಾಕಿಯೊಬ್ಬರಿಗೆ ರಿಯಾಯಿತಿ ಸಿಗದೆ ಮಾತಿಗೆ ಮಾತು ಬೆಳೆಯಿತು. ನೋಡಿದರೆ ತಪ್ಪು ನನ್ನದೇ, `>=` ಬದಲು `>` ಬರೆದಿದ್ದೆ.

ನನ್ನ ಭಾಯಿಜಾನ್ ಇದೇ ಕೆಲಸದಲ್ಲಿರುವವರು. ಕೋಡ್ ಬದಲಾದರೆ ಜೊತೆಗೆ ಟೆಸ್ಟ್ ಕೂಡ ಬರಬೇಕು ಎಂಬುದು ಅವರ ನಿಯಮ. ಟೆಸ್ಟ್ ಎಂದರೆ ಪ್ರೋಗ್ರಾಂ ಕೊಡುವ ಉತ್ತರ ಸರಿಯೇ ಎಂದು ನೋಡುವ ಇನ್ನೊಂದು ಚಿಕ್ಕ ಪ್ರೋಗ್ರಾಂ. ಈ ನಿಯಮ ಕಾಯಲು ನಾನೊಂದು ಸ್ಕ್ರಿಪ್ಟ್ ಬರೆದೆ. ಅದು `git diff --name-only` ಕೊಡುವ ಪಟ್ಟಿಯನ್ನು ಓದುತ್ತದೆ. `src/` ಫೈಲ್ ಬದಲಾಗಿದ್ದು, `tests/` ಫೈಲ್ ಒಂದೂ ಬದಲಾಗದಿದ್ದರೆ ತಡೆಯುತ್ತದೆ. ತಪ್ಪನ್ನು ತಿದ್ದಿ ಈ ಟೆಸ್ಟ್ ಸೇರಿಸಿದೆ:

```python
def test_discount():
    assert bill(600) == 540
```

ಸ್ಕ್ರಿಪ್ಟ್ ಒಪ್ಪಿತು. ಭಾಯಿಜಾನ್ ಒಪ್ಪಲಿಲ್ಲ. `git checkout main -- src` ಎಂದು ಟೈಪ್ ಮಾಡಿ ಹಳೆಯ, ತಪ್ಪಾದ ಕೋಡನ್ನೇ ವಾಪಸ್ ತಂದು, ನನ್ನ ಹೊಸ ಟೆಸ್ಟ್ ಓಡಿಸಿದರು. ಆಗಲೂ ಪಾಸ್! 600 ಎಂಬುದು 500ಕ್ಕಿಂತ ಹೇಗೂ ದೊಡ್ಡದು, `>` ಇದ್ದರೇನು, `>=` ಇದ್ದರೇನು? ಬೇಕಾಗಿದ್ದದ್ದು `bill(500) == 450`. ಹಳೆಯ ಕೋಡ್ ಅಲ್ಲಿ 500 ಎನ್ನುತ್ತದೆ, ಟೆಸ್ಟ್ ಫೇಲಾಗುತ್ತದೆ. ಹಾಗೆ ಫೇಲಾಗುವುದೇ ನಮಗೆ ಬೇಕಾದ ಸಾಕ್ಷಿ.

ಕಾಮರ್ಸ್ ಓದುವ ನಮಗೆ ಇದು ಹೊಸದಲ್ಲ. ಖರ್ಚಿನ ಎದುರು ವೋಚರ್ ನಂಬರ್ ಇದೆ ಎಂದು ಆಡಿಟರ್ ಸುಮ್ಮನಾಗುವುದಿಲ್ಲ, ಆ ವೋಚರ್ ಅದೇ ಖರ್ಚಿನದೇ ಎಂದು ತೆಗೆದು ನೋಡುತ್ತಾರೆ. ನನ್ನ ಸ್ಕ್ರಿಪ್ಟ್ ನಂಬರ್ ಮಾತ್ರ ನೋಡುತ್ತಿತ್ತು. `tests/` ಒಳಗಿನ ಫೈಲಿನಲ್ಲಿ ಒಂದು ಖಾಲಿ ಸಾಲು ಸೇರಿಸಿದ್ದರೂ ಬಿಡುತ್ತಿತ್ತು.

ಉಲ್ಟಾ ತಪ್ಪೂ ಆಗುತ್ತದೆ. ರಸ್ಟ್ ಭಾಷೆಯಲ್ಲಿ ಚಿಕ್ಕ ಟೆಸ್ಟ್‌ಗಳನ್ನು ಸಾಮಾನ್ಯವಾಗಿ ಕೋಡ್ ಇರುವ ಫೈಲಿನಲ್ಲೇ ಬರೆಯುತ್ತಾರೆ. ಹೆಸರು ನೋಡುವ ಸ್ಕ್ರಿಪ್ಟ್ ಅಲ್ಲಿ ಟೆಸ್ಟೇ ಇಲ್ಲವೆಂದು ಪ್ರಾಮಾಣಿಕರನ್ನೇ ತಡೆಯುತ್ತದೆ. ಹಾಗೆ ತಡೆಸಿಕೊಂಡವರು ದಾಟಿಹೋಗಲು ಹೆಸರಿಗೊಂದು ಟೆಸ್ಟ್ ಬರೆಯಲು ಕಲಿಯುತ್ತಾರೆ, ನನಗೆ ಸರಿಕಾಣದ್ದು ಇದೇ.

ಆದ್ದರಿಂದ ಆ ಸ್ಕ್ರಿಪ್ಟ್ ನೆನಪಿಸಲಿ, ತೀರ್ಪು ಕೊಡುವುದು ಬೇಡ ಎಂಬುದು ನನ್ನ ಅಭಿಪ್ರಾಯ. ತಪ್ಪು ತಿದ್ದಿದಾಗ ಹಳೆಯ ಕೋಡಿನ ಮೇಲೆ ಟೆಸ್ಟ್ ಓಡಿಸಿ ನೋಡಬೇಕು. ಇದಕ್ಕೂ ಮಿತಿಯಿದೆ. ಹೊಸ ಫಂಕ್ಷನ್ ಸೇರಿಸಿದ್ದರೆ, ಅದು ಹಳೆಯ ಕೋಡಿನಲ್ಲಿ ಇಲ್ಲವೆಂಬ ಕಾರಣಕ್ಕೇ ಟೆಸ್ಟ್ ಫೇಲಾಗುತ್ತದೆ, ಲೆಕ್ಕ ತಪ್ಪೆಂದಲ್ಲ. ಹಾಗಾಗಿ ಫೇಲಾದ ಕಾರಣವನ್ನು ಓದಲೇಬೇಕು. ಹೆಸರುಗಳನ್ನಷ್ಟೇ ಬದಲಿಸಿ ಕೋಡನ್ನು ಓರಣ ಮಾಡಿದ್ದರೆ ಹೊಸ ಟೆಸ್ಟ್ ಕೇಳುವುದೇ ತಪ್ಪು.

ಈಗ ಟೆಸ್ಟ್ ಸರಿಯಾಗಿದೆ. ಅಬ್ಬಾ ಮಾತ್ರ 500ರ ಬಿಲ್ ಬಂದಾಗಲೆಲ್ಲ ಇನ್ನೂ ಕ್ಯಾಲ್ಕುಲೇಟರ್ ಒತ್ತಿ ನೋಡುತ್ತಾರೆ.