‘ನಿಲ್ಲಿಸಲಾಗಿದೆ’ ಎಂದರೆ ತಪ್ಪೇನು?

ಪ್ಲೇಸ್‌ಮೆಂಟ್ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠ: ‘ಪ್ಯಾಸಿವ್ ವಾಯ್ಸ್ ಬೇಡ.’ ಪೀಣ್ಯದ ಮಷಿನ್ ಶಾಪ್ ಒಂದರಲ್ಲಿ ಅಪ್ರೆಂಟಿಸ್ ಆಗಿ ಶಿಫ್ಟ್ ಪುಸ್ತಕ ಬರೆಯತೊಡಗಿದ ಮೇಲೆ ಅದು ಅರ್ಧಸತ್ಯ ಎಂದು ತಿಳಿಯಿತು.

‘ಲೇತ್ ನಿಂತಿದೆ’ ಎಂದು ಬರೆದರೆ, ಅದು ತಾನಾಗಿಯೇ ನಿಂತಿದೆ ಎಂದುಕೊಂಡು ರಾತ್ರಿ ಪಾಳಿಯವರು ಸ್ವಿಚ್ ಒತ್ತಿ ನೋಡಬಹುದು. ‘ಬೆಲ್ಟ್ ಬದಲಿಸಲು ಲೇತ್ ನಿಲ್ಲಿಸಲಾಗಿದೆ’ ಎಂದರೆ ಯಾರೋ ಬೇಕೆಂದೇ ನಿಲ್ಲಿಸಿದ್ದಾರೆ, ಮುಟ್ಟಬಾರದು ಎಂಬುದು ಸ್ಪಷ್ಟ. ಪಾಳಿಗೆ ಬಂದವರಿಗೆ ಮೊದಲು ಬೇಕಾದದ್ದು ಯಂತ್ರದ ಸ್ಥಿತಿ. ಕರ್ಮಣಿ ಪ್ರಯೋಗ ಅದನ್ನೇ ಮುಂದಿಡುತ್ತದೆ.

ಆದರೆ ಸ್ವಿಚ್‌ಗೆ ತೂಗುಹಾಕುವ ಎಚ್ಚರಿಕೆ ಚೀಟಿಗೆ ಇಷ್ಟೇ ಸಾಲದು. ಬೀಗ ಹಾಕಿದವರೇ ಅದನ್ನು ತೆಗೆಯಬೇಕಾದ್ದರಿಂದ ಅಲ್ಲಿ ಹೆಸರು ಬೇಕೇ ಬೇಕು. ಸಹಿಯಿಲ್ಲದ ‘ತಪಾಸಣೆ ಮಾಡಲಾಗಿದೆ’ ಕೂಡ ಹಾಗೆಯೇ; ತಪ್ಪು ಸಿಕ್ಕಾಗ ಯಾರನ್ನು ಕೇಳುವುದು? ರೆಸ್ಯೂಮೆಯಲ್ಲಿ ‘ಫಿಕ್ಸ್‌ಚರ್ ತಯಾರಿಸಲಾಯಿತು’ ಎಂದು ಬರೆದರೆ, ತಯಾರಿಸಿದ್ದು ನೀವೋ ಬೇರೆಯವರೋ ಎಂಬುದೇ ತಿಳಿಯದು.

ಹಾಗಾಗಿ ‘ಲಾಗಿದೆ’ ಕಂಡ ಕೂಡಲೇ ಹೊಡೆದುಹಾಕಬೇಡಿ. ‘ಮಾಡಿದವರು ಯಾರು’ ಎಂದು ಓದುವವರು ಕೇಳುವಂತಿದ್ದರೆ ಹೆಸರು ಬರೆಯಿರಿ. ‘ಏನಾಗಿದೆ’ ಎಂದಷ್ಟೇ ಕೇಳುವಂತಿದ್ದರೆ ‘ನಿಲ್ಲಿಸಲಾಗಿದೆ’ ಎಂಬುದೇ ಸರಿಯಾದ ಕನ್ನಡ.